ವೀಳ್ಯದೆಲೆಯ ತುದಿಯಲ್ಲಿ ಮೂವತ್ತೆರಡು ಜರಿ ಎಳೆಗಳು

ಬಟ್ಟೆಯ ಮೇಲೆ ಜರಿ ಎಳೆಗಳನ್ನು ಜೋಡಿಯಾಗಿ ಹಾಸಿ, ಅವುಗಳನ್ನು ತೆಳು ದಾರದ ಅಡ್ಡ ಹೊಲಿಗೆಗಳಿಂದ ಬಿಗಿಯುವ ಕೌಚಿಂಗ್ ಕೆಲಸವನ್ನು ಕಲಿಯಲು ಹೆಚ್ಚು ಸಮಯ ಬೇಕಾಗಲಿಲ್ಲ. ನನ್ನನ್ನು ಕಾಡಿದ್ದು ಎಳೆ ಮುಗಿಯುವ ಜಾಗ. ಉಳಿದ ತುದಿಯನ್ನು ಬಟ್ಟೆಯ ಹಿಂಬದಿಗೆ ಇಳಿಸುವ ಆ ಒಂದು ಕ್ಷಣದಲ್ಲಿ, ಅರ್ಧ ಗಂಟೆ ಕಷ್ಟಪಟ್ಟು ನೇರವಾಗಿ ಹಾಸಿದ ಸಾಲು ಹಾಳಾಗುತ್ತಿತ್ತು.

ನಾನು ಆರಿಸಿಕೊಂಡ ವಿನ್ಯಾಸ ಏಳು ಸೆಂಟಿಮೀಟರ್ ಉದ್ದದ ಒಂದು ವೀಳ್ಯದೆಲೆ. ಕಡುಹಸಿರು ರೇಷ್ಮೆಯ ಅಡಿಗೆ ಕೋರಾ ಹತ್ತಿ ಬಟ್ಟೆಯನ್ನು ಸೇರಿಸಿ, ಎರಡನ್ನೂ ಚೌಕಟ್ಟಿಗೆ ತಮಟೆಯಂತೆ ಬಿಗಿದಿದ್ದೆ. ಎಲೆಯ ನಡುನರವನ್ನು ಖಾಲಿ ಬಿಟ್ಟು, ಎರಡೂ ಮಗ್ಗುಲಲ್ಲಿ ಅಂಚಿನಿಂದ ಒಳಕ್ಕೆ ಎಂಟೆಂಟು ಜೋಡಿ ಸಾಲುಗಳನ್ನು ಹಾಸುವುದು ನನ್ನ ಲೆಕ್ಕವಾಗಿತ್ತು. ಬಳಸಿದ್ದು ಜಪಾನೀ ಮಾದರಿಯ ಚಿನ್ನದ ದಾರ. ಇದರ ರಚನೆಯನ್ನು ತಿಳಿದುಕೊಂಡರೆ ಮುಂದಿನದೆಲ್ಲ ಅರ್ಥವಾಗುತ್ತದೆ: ಒಳಗೆ ಮೆತ್ತನೆಯ ನೂಲಿನ ತಿರುಳು, ಅದರ ಸುತ್ತ ಚಿನ್ನದ ಬಣ್ಣದ ತೆಳ್ಳನೆಯ ಪಟ್ಟಿ. ಆ ಪಟ್ಟಿಯನ್ನು ತಿರುಳಿನ ಮೇಲೆ ಸುತ್ತಿರುತ್ತಾರೆಯೇ ಹೊರತು ಬಿಗಿಯಾಗಿ ಅಂಟಿಸಿರುವುದಿಲ್ಲ. ಹೀಗಾಗಿ ಒತ್ತಾದ ರೇಷ್ಮೆಯ ಸಣ್ಣ ತೂತಿನಲ್ಲಿ ದಾರವನ್ನು ಒತ್ತಿ ಎಳೆದರೆ ತಿರುಳು ಕೆಳಗೆ ಹೋಗುತ್ತದೆ, ಪಟ್ಟಿ ಮಾತ್ರ ಮೇಲೆಯೇ ಸಿಕ್ಕಿಕೊಂಡು ತೋಳಿನ ಬಟ್ಟೆ ಮೇಲಕ್ಕೆ ಸರಿದಂತೆ ಮುದುಡುತ್ತದೆ. ಮೊದಲ ಸಾಲಿನಲ್ಲಿ ನನಗೆ ಆದದ್ದು ಇದೇ. ಎಲೆಯ ತುದಿಯಲ್ಲಿ ಎರಡು ಮಿಲಿಮೀಟರಿನಷ್ಟು ಹಳದಿ ತಿರುಳು ಬೆತ್ತಲಾಗಿ ಕಾಣುತ್ತಿತ್ತು.

ಬ್ಲೌಸುಗಳಿಗೆ ಮಗ್ಗಂ ಕೆಲಸ ಮಾಡುವಾಗ ಈ ತೊಂದರೆ ನನಗೆ ಎದುರಾಗಿರಲಿಲ್ಲ. ಅಲ್ಲಿ ಹೆಚ್ಚಾಗಿ ಬಳಸುವ ದಬ್ಕಾ, ನಕ್ಷಿ ಮೊದಲಾದವು ಟೊಳ್ಳು ಸುರುಳಿಗಳು. ಅವುಗಳನ್ನು ಬೇಕಾದ ಉದ್ದಕ್ಕೆ ಕತ್ತರಿಸಿ ಮಣಿಯಂತೆ ಪೋಣಿಸಿ ಹೊಲಿದರೆ ಆಯಿತು, ಹಿಂದಕ್ಕೆ ಕಳುಹಿಸಲು ತುದಿಯೇ ಇರುವುದಿಲ್ಲ.

ಎರಡನೆಯ ಸಲ ಆರಂಭಿಸುವ ಮೊದಲು ತುದಿಗಳನ್ನು ಎಣಿಸಿದೆ. ಪ್ರತಿ ಸಾಲನ್ನೂ ಎರಡೂ ಕಡೆ ಕತ್ತರಿಸಿದರೆ ಹದಿನಾರು ಜೋಡಿಗೆ ಒಟ್ಟು 64 ತುದಿಗಳಾಗುತ್ತಿದ್ದವು. ಎಲೆಯ ಮೇಲ್ಭಾಗ, ಅಂದರೆ ತೊಟ್ಟಿನ ಕಡೆ, ಅಗಲವಾಗಿರುವುದರಿಂದ ಅಲ್ಲಿ ಜೋಡಿಯನ್ನು ಕತ್ತರಿಸದೆ ತಿರುಗಿಸಿ ಮುಂದಿನ ಸಾಲಾಗಿ ವಾಪಸು ತರಬಹುದು. ತಿರುವಿನಲ್ಲಿ ಹೊರಗಿನ ಎಳೆಗೂ ಒಳಗಿನ ಎಳೆಗೂ ಬೇರೆಬೇರೆ ಹೊಲಿಗೆ ಹಾಕಿ, ಚಿಮಟದಿಂದ ಮೆಲ್ಲಗೆ ಒತ್ತಿದರೆ ಮೂಲೆ ಸರಿಯಾಗಿ ಕೂರುತ್ತದೆ. ಇದರಿಂದ 32 ತುದಿಗಳು ಉಳಿದವು, ಆದರೆ ಅವೆಲ್ಲವೂ ಎಲೆಯ ಚೂಪು ತುದಿಯಲ್ಲೇ ಸೇರಬೇಕಾಗಿತ್ತು.

ಹಾಸುವ ಕೆಲಸವನ್ನು ಚಿಕ್ಕದಾಗಿ ಹೇಳಿಬಿಡುತ್ತೇನೆ. ಜೇನುಮೇಣ ಸವರಿದ ತೆಳು ದಾರದಿಂದ ಸುಮಾರು ಮೂರು ಮಿಲಿಮೀಟರಿಗೊಂದು ಅಡ್ಡ ಹೊಲಿಗೆ. ಮುಂದಿನ ಸಾಲಿನ ಹೊಲಿಗೆಗಳು ಇಟ್ಟಿಗೆ ಗೋಡೆಯಂತೆ ಹಿಂದಿನ ಹೊಲಿಗೆಗಳ ನಡುವೆ ಬರಬೇಕು. ಪ್ರತಿ ಸಾಲಿನ ಆರಂಭದಲ್ಲೂ ಕೊನೆಯಲ್ಲೂ ನಾಲ್ಕು ಸೆಂಟಿಮೀಟರ್ ಬಾಲವನ್ನು ಬಿಡುತ್ತೇನೆ. ಉಳಿತಾಯ ಮಾಡಲು ಹೋಗಿ ಎರಡೇ ಸೆಂಟಿಮೀಟರ್ ಬಿಟ್ಟರೆ ಹಿಡಿಯಲು ಏನೂ ಸಿಗುವುದಿಲ್ಲ.

ಇನ್ನು ಇಳಿಸುವುದು. ಇದಕ್ಕೆ ದೊಡ್ಡ ಕಣ್ಣಿನ, ಚೂಪು ಮೊನೆಯ ಚೆನಿಲ್ ಸೂಜಿ ಬೇಕು. ನನ್ನದು 20ನೆಯ ನಂಬರಿನದು. ಗಟ್ಟಿ ಹೊಲಿಗೆ ದಾರದ ಎರಡೂ ತುದಿಗಳನ್ನು ಒಟ್ಟಿಗೆ ಸೂಜಿಯ ಕಣ್ಣಿಗೆ ಪೋಣಿಸಿದರೆ ಇನ್ನೊಂದು ಕಡೆ ಕುಣಿಕೆ ಉಳಿಯುತ್ತದೆ. ಎಳೆ ಮುಗಿಯಬೇಕಾದ ಜಾಗದಲ್ಲೇ ಸೂಜಿಯನ್ನು ಚುಚ್ಚಿ ಕೆಳಗೆಳೆದು, ಕುಣಿಕೆ ಮಾತ್ರ ಬಟ್ಟೆಯ ಮೇಲೆ ಉಳಿಯುವಂತೆ ನಿಲ್ಲಿಸುತ್ತೇನೆ. ಜರಿಯ ಬಾಲವನ್ನು ಆ ಕುಣಿಕೆಯೊಳಗೆ ತೂರಿಸಿ, ಕುಣಿಕೆಯನ್ನು ಬಿಗಿ ಮಾಡಿ, ಕೆಳಗಿನಿಂದ ಒಮ್ಮೆಗೇ ಚುರುಕಾಗಿ ಜಗ್ಗುತ್ತೇನೆ. ಹೆದರಿಕೊಂಡು ನಿಧಾನವಾಗಿ ಎಳೆದಷ್ಟೂ ಪಟ್ಟಿ ತೂತಿನ ಅಂಚಿಗೆ ಉಜ್ಜಿ ಮುದುಡುತ್ತದೆ ಎಂಬುದನ್ನು ನಾಲ್ಕೈದು ಎಳೆಗಳನ್ನು ಕಳೆದುಕೊಂಡ ಮೇಲೆ ಕಲಿತೆ. ಜಗ್ಗುವಾಗ ಎಡಗೈ ಹೆಬ್ಬೆರಳಿನ ಉಗುರನ್ನು ಕೊನೆಯ ಅಡ್ಡ ಹೊಲಿಗೆಯ ಮೇಲೆ ಒತ್ತಿಟ್ಟಿರುತ್ತೇನೆ, ಇಲ್ಲದಿದ್ದರೆ ಹಾಸಿದ ಸಾಲೇ ಸರಿದುಬರುತ್ತದೆ.

ಜೋಡಿಯ ಎರಡೂ ಎಳೆಗಳನ್ನು ಒಂದೇ ತೂತಿನಲ್ಲಿ ಇಳಿಸುವ ಆಸೆಯನ್ನು ಬಿಡಬೇಕಾಯಿತು. ಹಾಗೆ ಮಾಡಿದರೆ ತೂತು ದೊಡ್ಡದಾಗಿ ರೇಷ್ಮೆಯ ನೇಯ್ಗೆ ಬಿಚ್ಚಿಕೊಳ್ಳುತ್ತದೆ, ಎರಡನೆಯ ಎಳೆ ಮೊದಲನೆಯದನ್ನು ತಿಕ್ಕುತ್ತದೆ. ಹೊರಗಿನ ಎಳೆಯನ್ನು ಮೊದಲು ಗೆರೆಯ ಮೇಲೆಯೇ ಇಳಿಸಿ, ಒಳಗಿನದನ್ನು ಒಂದೆರಡು ಮಿಲಿಮೀಟರ್ ಹಿಂದೆ ಇಳಿಸುತ್ತೇನೆ. ಸೂಜಿಯನ್ನು ನೆಟ್ಟಗೆ ಚುಚ್ಚದೆ, ಈಗಾಗಲೇ ಹಾಸಿರುವ ಸಾಲಿನ ಅಡಿಗೆ ನುಗ್ಗುವಂತೆ ಸ್ವಲ್ಪ ಓರೆಯಾಗಿ ಚುಚ್ಚಿದರೆ ತೂತು ಆ ಸಾಲಿನ ಮರೆಗೆ ಸೇರುತ್ತದೆ. ಎಲೆಯ ಚೂಪಿನಲ್ಲಿ ಇದೇ ಉಪಾಯವನ್ನು ದೊಡ್ಡದು ಮಾಡಿಕೊಂಡೆ. ಎಲ್ಲ ಸಾಲುಗಳನ್ನೂ ತುದಿಯವರೆಗೆ ಒಯ್ಯದೆ, ಅಂಚಿನ ಸಾಲೊಂದನ್ನು ಮಾತ್ರ ಅಲ್ಲಿಗೆ ಮುಟ್ಟಿಸಿ, ಉಳಿದವು ಒಂದೊಂದಾಗಿ ತನ್ನ ಪಕ್ಕದ ಸಾಲಿಗೆ ತಾಗಿ ಹಿಂದೆಯೇ ಮುಗಿಯುವಂತೆ ಮಾಡಿದೆ. ಮೇಲಿನಿಂದ ನೋಡಿದರೆ ಸಾಲುಗಳು ಸಣ್ಣದಾಗುತ್ತಾ ಹೋಗಿ ಕಣ್ಮರೆಯಾದಂತೆ ಕಾಣುತ್ತದೆ, ತೂತುಗಳು ಎರಡು ಸೆಂಟಿಮೀಟರ್ ಉದ್ದಕ್ಕೂ ಹಂಚಿಹೋಗಿರುತ್ತವೆ.

ಬಾಲಗಳನ್ನೆಲ್ಲ ಕೊನೆಗೆ ಒಟ್ಟಿಗೇ ಇಳಿಸುವವರಿದ್ದಾರೆ. ನಾನು ಎರಡೆರಡು ಸಾಲಿಗೊಮ್ಮೆ ಇಳಿಸುತ್ತೇನೆ, ಏಕೆಂದರೆ ಮೇಲೆ ಚಾಚಿಕೊಂಡ ಬಾಲಗಳಿಗೆ ಹೊಲಿಗೆ ದಾರ ಪದೇ ಪದೇ ಸಿಕ್ಕಿಹಾಕಿಕೊಂಡು ನನ್ನ ತಾಳ್ಮೆಯನ್ನು ಕೆಡಿಸುತ್ತದೆ.

ಧಾರವಾಡದ ಕಸೂತಿಯನ್ನು ಗಂಟು ಹಾಕದೆ ಹೊಲಿಯುವ ನನ್ನ ಅಮ್ಮ ನನ್ನ ಮೊದಲ ಪ್ರಯತ್ನವನ್ನು ತಿರುವಿ ನೋಡಿ, "ಇದೇನವಾ, ಹಿಂದ ಗುಬ್ಬಿ ಗೂಡು ಕಟ್ಟಿಧಂಗ ಐತಿ" ಎಂದಿದ್ದರು. ಕಸೂತಿಯ ಗವಂತಿ ಹೊಲಿಗೆಯಂತೆ ಹಿಂದೆಯೂ ಮುಂದೆಯೂ ಒಂದೇ ರೀತಿ ಕಾಣಿಸುವುದು ಈ ಕೆಲಸದಲ್ಲಿ ಸಾಧ್ಯವಿಲ್ಲ, ಆದರೂ ಗೂಡನ್ನು ತಪ್ಪಿಸಬಹುದು. ಕೆಳಗೆ ಬಂದ ಬಾಲವನ್ನು ಅದೇ ಸಾಲಿನ ಅಡಿಗೆ ಹಿಂದಕ್ಕೆ ಮಡಚಿ, ಕೋರಾ ಬಟ್ಟೆಯನ್ನು ಮಾತ್ರ ಹಿಡಿಯುವಂತೆ ಮೂರು ನಾಲ್ಕು ಸುತ್ತು ಹೊಲಿಗೆ ಹಾಕಿ, ಒಂದು ಸೆಂಟಿಮೀಟರ್ ಉಳಿಸಿ ಕತ್ತರಿಸುತ್ತೇನೆ. ಇನ್ನೂ ಹಾಸದ ಭಾಗದ ಅಡಿಗೆ ಬಾಲವನ್ನು ಒಯ್ಯಬಾರದು. ಮುಂದೆ ಅಲ್ಲಿ ಸೂಜಿ ಇಳಿಯುವಾಗ ಲೋಹಕ್ಕೆ ತಾಗಿ ಮೊನೆ ಓರೆಯಾಗುತ್ತದೆ, ಹೊಲಿಗೆಯೂ ತಪ್ಪುತ್ತದೆ.

ಚೂಪಿನ ಹತ್ತಿರ ಬಾಲಗಳು ಹೆಚ್ಚಾದಾಗ, ಇಳಿಸಿದ ಮೇಲೆ ಹಿಂಬದಿಯಲ್ಲಿ ಚಿನ್ನದ ಪಟ್ಟಿಯನ್ನು ಬಿಚ್ಚಿ ಕತ್ತರಿಸಿ, ತಿರುಳಿನ ನೂಲನ್ನಷ್ಟೇ ಹೊಲಿದೆ. ದಪ್ಪ ಬಹಳ ಕಡಿಮೆಯಾಯಿತು. ಆದರೆ ಬಿಚ್ಚುವಿಕೆ ತೂತಿನ ಮೂಲಕ ಮೇಲಕ್ಕೂ ಹರಡಬಹುದಾದ್ದರಿಂದ, ಅಂಥ ಎಳೆಗಳ ಕೊನೆಯ ಅಡ್ಡ ಹೊಲಿಗೆಯನ್ನು ತೂತಿಗೆ ಒಂದು ಮಿಲಿಮೀಟರ್ ಹತ್ತಿರ ತಂದು ಎರಡು ಸಲ ಹಾಕಿದ್ದೆ. ಬಾಲಗಳನ್ನು ಒಂದರ ಮೇಲೊಂದು ಹೇರದೆ ಬೀಸಣಿಗೆಯಂತೆ ಹರಡಿ, ಬೇರೆಬೇರೆ ಉದ್ದಕ್ಕೆ ಕತ್ತರಿಸಿದೆ.

ಸರಿಯಾಗಿದೆಯೇ ಎಂದು ತಿಳಿಯಲು ಚೌಕಟ್ಟನ್ನು ಕಿಟಕಿಯ ಕಡೆ ಓರೆಯಾಗಿ ಹಿಡಿದು ನೋಡುತ್ತೇನೆ. ಹಿಂಬದಿಯ ಬಾಲ ದಪ್ಪವಾಗಿದ್ದರೆ ಪಕ್ಕದ ಖಾಲಿ ರೇಷ್ಮೆಯ ಮೇಲೆ ಸಣ್ಣ ದಿಣ್ಣೆಯ ನೆರಳು ಬೀಳುತ್ತದೆ, ಬೆರಳಿಗೂ ತಾಗುತ್ತದೆ. ಈ ಎಲೆಯಲ್ಲಿ ದಿಣ್ಣೆ ಇರಲಿಲ್ಲ. ಎಡ ಮಗ್ಗುಲಿನ ಆರನೆಯ ಸಾಲಿನಲ್ಲಿ ಮಾತ್ರ ಕೂದಲೆಳೆಯಷ್ಟು ಹಳದಿ ತಿರುಳು ಇಣುಕುತ್ತಿತ್ತು. ಮುದುಡಿದ ಪಟ್ಟಿಯನ್ನು ಮತ್ತೆ ಕೆಳಕ್ಕೆ ತರಲು ಆಗುವುದಿಲ್ಲವಾದ್ದರಿಂದ, ಅದರ ಮೇಲೆ ಎರಡು ಮಿಲಿಮೀಟರಿನ ನಕ್ಷಿ ತುಂಡೊಂದನ್ನು ಹೊಲಿದು, ಜೋಡಿ ಕಾಣಲೆಂದು ಬಲ ಮಗ್ಗುಲಿನಲ್ಲಿಯೂ ಅದೇ ಜಾಗಕ್ಕೆ ಇನ್ನೊಂದನ್ನು ಹೊಲಿದೆ.