ಕೊನೆಯ ಸುತ್ತಿನವರೆಗೆ ಬಂದವರಿಗೆ ‘ಆಯ್ಕೆಯಾಗಿಲ್ಲ’ ಎಂದು ಬರೆಯುವಾಗ

ಕಲಬುರಗಿಯ ಒಂದು ದಾಲ್ ಮಿಲ್ಲಿನ ಕಚೇರಿಯಲ್ಲಿ ನೌಕರರ ನೇಮಕಾತಿಯನ್ನು ನೋಡಿಕೊಳ್ಳುವ ಕೆಲಸ ನನ್ನದು. ಕಳೆದ ಹಂಗಾಮಿಗೆ ಮುಂಚೆ ಒಬ್ಬ ಅಕೌಂಟೆಂಟ್ ಬೇಕಾಗಿತ್ತು. ಬಂದ ಅರ್ಜಿಗಳಲ್ಲಿ ಮೂವರನ್ನು ಆರಿಸಿ, ಅರ್ಧ ಗಂಟೆಯ ಲಿಖಿತ ಪರೀಕ್ಷೆ ಹಾಗೂ ಸಂದರ್ಶನಕ್ಕೆ ಎರಡು ಬೇರೆ ಬೇರೆ ದಿನ ಕರೆಸಿದ್ದೆವು. ಒಬ್ಬರನ್ನು ತೆಗೆದುಕೊಂಡ ಮೇಲೆ ಉಳಿದ ಇಬ್ಬರಿಗೆ ಪತ್ರ ಬರೆಯಬೇಕಾಯಿತು. ಅವೆರಡೂ ಐದಾರು ಸಾಲಿನ ಪತ್ರಗಳೇ ಆದರೂ ಅವುಗಳಿಗೆ ನಾನು ಒಂದು ಇಡೀ ಮುಂಜಾನೆ ತೆಗೆದುಕೊಂಡೆ. ಅದಕ್ಕೆ ಹಿಂದಿನ ಎರಡು ತಪ್ಪುಗಳು ಕಾರಣ.

ಮೊದಲನೆಯದು, ‘ಮುಂದೆ ಅವಕಾಶ ಬಂದಾಗ ಖಂಡಿತ ತಿಳಿಸುತ್ತೇವೆ’ ಎಂದು ಸೌಜನ್ಯಕ್ಕೆ ಬರೆದ ಒಂದು ಸಾಲು. ಅದನ್ನು ಓದಿದ ಯಾದಗಿರಿ ಕಡೆಯ ಹುಡುಗನೊಬ್ಬ ಎರಡು ತಿಂಗಳ ನಂತರ ಫೋನ್ ಮಾಡಿ, “ನೀವು ಕರೀತೀರಂತ ಇನ್ನೊಂದು ಕೆಲ್ಸ ಬಿಟ್ಟು ಕುಂತೀನ್ರಿ ಸರ್” ಎಂದಾಗ ನನಗೆ ಉತ್ತರವೇ ಹೊಳೆಯಲಿಲ್ಲ. ಅಂಥ ಹುದ್ದೆ ನಮ್ಮಲ್ಲಿ ಸದ್ಯಕ್ಕೆ ತೆರವಾಗುವುದಿಲ್ಲವೆಂದು ಬರೆಯುವಾಗಲೇ ನನಗೆ ಗೊತ್ತಿತ್ತು. ಎರಡನೆಯದು, ‘ಸಂವಹನ ಕೌಶಲ ಸಾಲದು’ ಎಂಬ ಅಭಿಪ್ರಾಯ. ಅದನ್ನು ಪಡೆದ ಅಭ್ಯರ್ಥಿ ಕಚೇರಿಗೇ ಬಂದು, ತಾನು ಯಾವ ಪ್ರಶ್ನೆಗೆ ಸರಿಯಾಗಿ ಮಾತಾಡಲಿಲ್ಲವೆಂದು ವಿನಯದಿಂದಲೇ ಕೇಳಿದರು. ಒಂದು ಉದಾಹರಣೆಯನ್ನೂ ಕೊಡಲು ನನಗಾಗಲಿಲ್ಲ. ನಿಜವಾಗಿ ಅವರನ್ನು ಬಿಡಲು ಕಾರಣ ಅವರು ಕೇಳಿದ್ದ ಸಂಬಳವಾಗಿತ್ತು.

ಅಂದಿನಿಂದ ಒಂದು ಕಟ್ಟುನಿಟ್ಟು ಮಾಡಿಕೊಂಡಿದ್ದೇನೆ. ಪತ್ರದಲ್ಲಿ ಕಾರಣ ಬರೆಯುವುದಾದರೆ ನಿರ್ಧಾರವನ್ನು ನಿಜವಾಗಿ ತೂಗಿದ ಕಾರಣವನ್ನೇ, ಅದೂ ನಾವು ಕಣ್ಣಾರೆ ಕಂಡ ರೂಪದಲ್ಲಿ, ಬರೆಯಬೇಕು. ಆಗದಿದ್ದರೆ ಕಾರಣವನ್ನೇ ಬರೆಯಬಾರದು. ಇದಕ್ಕಾಗಿ ಸಂದರ್ಶನ ಮುಗಿದ ಹತ್ತು ನಿಮಿಷದೊಳಗೆ ಪ್ರತಿಯೊಬ್ಬರ ಉತ್ತರ ಪತ್ರಿಕೆಯ ಹಿಂದೆ ಎರಡು ಸಾಲು ಗುರುತು ಹಾಕುತ್ತೇನೆ: ಏನು ಮಾಡಿದರು, ಯಾವುದರಲ್ಲಿ ಎಡವಿದರು. ಒಂದು ವಾರದ ನಂತರ ನೆನಪಿನಿಂದ ಬರೆಯಲು ಕುಳಿತರೆ ‘ಆತ್ಮವಿಶ್ವಾಸ ಕಡಿಮೆ’ ಎಂಬಂಥ, ಯಾರಿಗೂ ಅಂಟಿಸಬಹುದಾದ ಮಾತುಗಳೇ ಬರುತ್ತವೆ.

ಆ ಮೂವರಲ್ಲಿ ಚಿತ್ತಾಪುರದಿಂದ ಬಂದವರ ಪತ್ರಿಕೆ ಈಗಲೂ ನನ್ನ ಕಣ್ಣಮುಂದಿದೆ. ಬ್ಯಾಂಕಿನ ಪಾಸ್‌ಬುಕ್ಕಿಗೂ ನಮ್ಮ ಖಾತೆಗೂ ತಾಳೆ ನೋಡುವ ಪ್ರಶ್ನೆಯಲ್ಲಿ, ಕೊಟ್ಟಿದ್ದರೂ ಇನ್ನೂ ಪಾಸಾಗದ ಎರಡು ಚೆಕ್ಕುಗಳನ್ನು ಅವರು ತಾವಾಗಿಯೇ ಹುಡುಕಿ ಬೇರೆ ಕಾಲಂನಲ್ಲಿ ತೋರಿಸಿದ್ದರು. ಬಿಲ್ಲಿನ ಪ್ರಶ್ನೆಯಲ್ಲಿ ಮಾತ್ರ ತೊಗರಿ ಬೇಳೆಯ 1 ಕೆಜಿ ಪಾಕೀಟಿಗೂ 30 ಕೆಜಿ ಚೀಲಕ್ಕೂ ಒಂದೇ ರೀತಿ ಶೇ. 5 ಜಿಎಸ್‌ಟಿ ಹಾಕಿದ್ದರು. 2022ರ ಜುಲೈ 18ರಿಂದ ಮೊದಲೇ ಪಾಕೀಟು ಮಾಡಿ ಲೇಬಲ್ ಹಚ್ಚಿದ 25 ಕೆಜಿವರೆಗಿನ ಬೇಳೆಗೆ ತೆರಿಗೆ ಇದೆ, ಅದಕ್ಕಿಂತ ದೊಡ್ಡ ಚೀಲಕ್ಕೆ ಇಲ್ಲ. ಹೊಸ ತೊಗರಿ ಬರತೊಡಗಿದ ಮೇಲೆ ನಮ್ಮಲ್ಲಿ ಬಿಲ್ಲಿಂಗ್ ಕಲಿಸುತ್ತ ಕೂರಲು ಯಾರಿಗೂ ಪುರಸೊತ್ತು ಇರುವುದಿಲ್ಲವಾದ್ದರಿಂದ, ಮೊದಲೇ ಮಿಲ್ಲಿನಲ್ಲಿ ಬಿಲ್ಲು ಮಾಡಿ ಅನುಭವವಿದ್ದವರನ್ನು ತೆಗೆದುಕೊಂಡೆವು. ಚಿತ್ತಾಪುರದವರಿಗೆ ಬರೆದ ಪತ್ರ ಹೀಗಿತ್ತು:

‘ಮಾನ್ಯರೇ, ನಮಸ್ಕಾರ. ಅಕೌಂಟೆಂಟ್ ಹುದ್ದೆಗೆ ಬೇರೊಬ್ಬರನ್ನು ಆಯ್ಕೆ ಮಾಡಿದ್ದೇವೆ. ಈ ಸಲ ತಮ್ಮನ್ನು ತೆಗೆದುಕೊಳ್ಳಲು ಆಗಲಿಲ್ಲ. ಎರಡು ಸಲ ಚಿತ್ತಾಪುರದಿಂದ ಬಂದು ನಮಗೆ ಸಮಯ ಕೊಟ್ಟಿದ್ದಕ್ಕೆ ಕೃತಜ್ಞತೆಗಳು. ಬ್ಯಾಂಕ್ ತಾಳೆಯಲ್ಲಿ ಪಾಸಾಗದ ಎರಡೂ ಚೆಕ್ಕುಗಳನ್ನು ತಾವು ಬೇರ್ಪಡಿಸಿದ್ದು ಅಚ್ಚುಕಟ್ಟಾಗಿತ್ತು. ಬಿಲ್ಲಿನಲ್ಲಿ 30 ಕೆಜಿ ಚೀಲಕ್ಕೂ ಜಿಎಸ್‌ಟಿ ಹಾಕಿದ್ದಿರಿ. ಲೇಬಲ್ ಇದ್ದರೂ 25 ಕೆಜಿ ಮೀರಿದ ಚೀಲಕ್ಕೆ ಅದು ಬರುವುದಿಲ್ಲ. ಹಂಗಾಮಿನಲ್ಲಿ ಮೊದಲ ದಿನದಿಂದಲೇ ಇಂಥ ಬಿಲ್ಲುಗಳನ್ನು ಮಾಡುವವರು ಬೇಕಾಗಿದ್ದರಿಂದ ಈ ನಿರ್ಧಾರ ಮಾಡಿದೆವು. ಇದರ ಬಗ್ಗೆ ಏನಾದರೂ ಕೇಳುವುದಿದ್ದರೆ ಸೋಮವಾರ ಸಂಜೆ 4ರಿಂದ 5ರೊಳಗೆ ಫೋನ್ ಮಾಡಿರಿ.’

ನಿರ್ಧಾರವನ್ನು ಮೊದಲ ಸಾಲಿನಲ್ಲೇ ಇಟ್ಟಿದ್ದೇನೆ. ಹೊಗಳಿಕೆಯಿಂದ ಶುರುಮಾಡಿ ‘ಆದರೆ’ ಎಂದು ತಿರುಗುವ ಪತ್ರವನ್ನು ಓದುವವರು ಆ ‘ಆದರೆ’ ಬರುವವರೆಗೆ ಉಸಿರು ಬಿಗಿಹಿಡಿದಿರುತ್ತಾರೆ, ಬಂದ ಮೇಲೆ ಮೊದಲಿನ ಹೊಗಳಿಕೆಯನ್ನೂ ನಂಬುವುದಿಲ್ಲ. ಆಯ್ಕೆಯಾದವರು ಯಾರು, ಅವರು ಎಷ್ಟು ಅಂಕ ಪಡೆದರು ಎಂಬುದನ್ನು ಬರೆಯಲಿಲ್ಲ. ಅದು ಆ ಮೂರನೆಯವರಿಗೆ ಸೇರಿದ ವಿಷಯ. ತಿದ್ದಿಕೊಳ್ಳಬಹುದಾದ ಒಂದೇ ಒಂದು ಅಂಶವನ್ನು ಹೇಳಿದೆ. ಮೊದಲ ಕರಡಿನಲ್ಲಿ ಅವರ ಇಂಗ್ಲಿಷ್ ಕುರಿತೂ ಒಂದು ಸಾಲಿತ್ತು. ಅದು ನಮ್ಮ ನಿರ್ಧಾರಕ್ಕೆ ಕಾರಣವಾಗಿರಲಿಲ್ಲವಾದ್ದರಿಂದ ಹೊಡೆದುಹಾಕಿದೆ.

ಇನ್ನೊಬ್ಬರು ಬೀದರಿನವರು. ಅವರ ಪತ್ರಿಕೆಯಲ್ಲಿ ತಪ್ಪೇ ಇರಲಿಲ್ಲ. ಮಿಲ್ಲಿನ ಅನುಭವವೊಂದೇ ಅವರಿಗೂ ಆಯ್ಕೆಯಾದವರಿಗೂ ಇದ್ದ ವ್ಯತ್ಯಾಸ. ಇಂಥವರಿಗೆ ಏನಾದರೂ ಸಲಹೆ ಕೊಡಲೇಬೇಕೆಂದು ಕೊರತೆಯೊಂದನ್ನು ಹುಟ್ಟಿಸಿ ಬರೆದರೆ ಅವರು ಇಲ್ಲದ ತಪ್ಪನ್ನು ತಿದ್ದಲು ಹೊರಡುತ್ತಾರೆ. ಆದ್ದರಿಂದ ‘ತಮ್ಮ ಪರೀಕ್ಷೆಯಲ್ಲಾಗಲಿ ಸಂದರ್ಶನದಲ್ಲಾಗಲಿ ಕೊರತೆ ಕಾಣಲಿಲ್ಲ, ಮಿಲ್ಲಿನ ಬಿಲ್ಲಿಂಗ್ ಮಾಡಿದ ಅನುಭವ ಇನ್ನೊಬ್ಬರಿಗೆ ಇತ್ತು’ ಎಂದಷ್ಟೇ ಬರೆದೆ. ಸಂದರ್ಶನಕ್ಕೆ ಕರೆಯದೆ ಬಿಟ್ಟ ಉಳಿದ ಅರ್ಜಿದಾರರಿಗೆ ಒಂದು ಸಾಲಿನ ಉತ್ತರ ಸಾಕು. ಬರೀ ಬಯೋಡೇಟಾ ನೋಡಿ ಯಾರ ಕೆಲಸದ ಬಗ್ಗೆಯೂ ಅಭಿಪ್ರಾಯ ಹೇಳುವ ಅಧಿಕಾರ ನಮಗಿಲ್ಲ.

ಕಳಿಸುವ ಹೊತ್ತಿನ ಬಗ್ಗೆ ಒಂದು ಮಾತು. ಆಯ್ಕೆಯಾದವರು ಒಪ್ಪುವ ಮೊದಲೇ ಉಳಿದವರನ್ನು ಕೈಬಿಟ್ಟರೆ, ಅವರು ಒಲ್ಲೆ ಎಂದಾಗ ಮತ್ತೆ ಇವರ ಬಾಗಿಲಿಗೆ ಹೋಗಬೇಕಾಗುತ್ತದೆ. ಹಾಗೆಂದು ಸುಮ್ಮನೆ ಕಾಯಿಸುವುದೂ ತರವಲ್ಲ. ಶುಕ್ರವಾರ ತಿಳಿಸುತ್ತೇವೆಂದು ಸಂದರ್ಶನದ ದಿನ ಹೇಳಿದ್ದೆವು. ಅಂದು ಒಪ್ಪಿಗೆ ಬಂದಿರಲಿಲ್ಲವಾದ್ದರಿಂದ ಇನ್ನೂ ಎರಡು ದಿನ ಬೇಕೆಂದು ಇಬ್ಬರಿಗೂ ಮೆಸೇಜ್ ಹಾಕಿದೆ. ಶನಿವಾರ ಸಂಜೆ ಒಪ್ಪಿಗೆ ಬಂತು, ಭಾನುವಾರ ಮುಂಜಾನೆ ಕುಳಿತು ಪತ್ರ ಬರೆದು ಕಳಿಸಿದೆ. ಫೋನಿನಲ್ಲಿ ಮೊದಲು ಹೇಳುವುದನ್ನು ಈಗ ಬಿಟ್ಟಿದ್ದೇನೆ, ಏಕೆಂದರೆ ಮನೆಯವರೆಲ್ಲ ಸುತ್ತ ಇರುವಾಗ ಆ ಸುದ್ದಿ ಕೇಳಿ ‘ಇರಲಿ ಬಿಡ್ರಿ ಸರ್’ ಎನ್ನಬೇಕಾದ ಸಂಕಟಕ್ಕೆ ಅವರನ್ನು ದೂಡಿದಂತಾಗುತ್ತದೆ. ಪತ್ರವನ್ನಾದರೆ ಅವರು ತಮ್ಮ ಹೊತ್ತಿಗೆ ಓದಿಕೊಳ್ಳುತ್ತಾರೆ.

ಚಿತ್ತಾಪುರದವರು ಸೋಮವಾರ ನಾಲ್ಕೂ ಕಾಲಿಗೆ ಫೋನ್ ಮಾಡಿದರು. ತನ್ನನ್ನು ಯಾಕೆ ಬಿಟ್ಟಿರೆಂದು ಅವರು ಕೇಳಲಿಲ್ಲ. “ಒಂದ್ ಕೆಜಿ ಪಾಕೀಟು ಮೂವತ್ತು, ಒಂದ ಚೀಲದಾಗ ತುಂಬಿ ಮಾರಿದ್ರ ಹ್ಯಾಂಗ್ರಿ ಸರ್?” ಎಂದರು. ಒಳಗಿರುವ ಪಾಕೀಟುಗಳು ಒಂದೊಂದಾಗಿ ಚಿಲ್ಲರೆ ಮಾರಾಟಕ್ಕೆಂದೇ ಲೇಬಲ್ ಹಚ್ಚಿದವಾದರೆ ಹೊರಗಿನ ಚೀಲ 30 ಕೆಜಿಯದಾದರೂ ತೆರಿಗೆ ಬರುತ್ತದೆ ಎಂದೆ. ಬರೆದುಕೊಳ್ಳುತ್ತಿದ್ದೇನೆ, ಒಂದು ನಿಮಿಷ ಇರಿ ಎಂದರು. ನಾನು ಫೋನ್ ಹಿಡಿದು ಕಾದೆ.