ಹ್ಯಾಂಡ್‌ಹೆಲ್ಡ್‌ನಲ್ಲಿ ಜೈರೋ ಗುರಿ: ನಾನು ಹೊಂದಿಸಿಕೊಂಡ ಬಗೆ

ಸ್ಟೀಮ್ ಡೆಕ್ ಎಂಬ ಕೈಯಲ್ಲಿ ಹಿಡಿದು ಆಡುವ ಗೇಮ್ ಯಂತ್ರದಲ್ಲಿ ಹಾಫ್-ಲೈಫ್ 2 ಎಂಬ ಶೂಟಿಂಗ್ ಆಟ ಆಡುವಾಗ ನಾನೀಗ ಬಲಗಡೆಯ ಸ್ಟಿಕ್‌ನಿಂದ ಗುರಿ ಹಿಡಿಯುವುದಿಲ್ಲ. ಹಿಂದಿನಿಂದ ಯಾರೋ ಗುಂಡು ಹಾರಿಸಿದರೆ ಆ ಕಡೆ ತಿರುಗಲು ಸ್ಟಿಕ್ ಬೇಕು. ಆದರೆ ತಿರುಗಿದ ಮೇಲೆ ಗುರಿಯ ಗುರುತನ್ನು ವೈರಿಯ ತಲೆಯ ಮೇಲೆ ಕೂಡಿಸುವ ಕೊನೆಯ ಸಣ್ಣ ಕೆಲಸ ಮಣಿಕಟ್ಟಿನದು. ಯಂತ್ರವನ್ನೇ ಒಂಚೂರು ತಿರುಗಿಸುತ್ತೇನೆ, ಆಟದೊಳಗಿನ ಕ್ಯಾಮೆರಾ ಜೊತೆಗೇ ತಿರುಗುತ್ತದೆ. ವಿಜಯಪುರದಲ್ಲಿ ನನ್ನ ಹಾಗೆ ಹ್ಯಾಂಡ್‌ಹೆಲ್ಡ್ ಹಿಡಿದ ಗೆಳೆಯರಲ್ಲಿ ಹೆಚ್ಚಿನವರು ಈ ತಿರುಗುವಿಕೆಯನ್ನು ಅಳೆಯುವ ಜೈರೋ ಒಮ್ಮೆ ಆನ್ ಮಾಡಿ, ಪರದೆ ಅಲುಗಾಡುವುದನ್ನು ಕಂಡು ಆಫ್ ಮಾಡಿದ್ದಾರೆ. ಕೈಯಲ್ಲಿ ಹಿಡಿಯುವ ಯಂತ್ರಕ್ಕೆ ತಕ್ಕಂತೆ ಅದನ್ನು ಹೊಂದಿಸದೇ ಇದ್ದರೆ ಹಾಗಾಗುವುದು ಸಹಜ.

ಮೊದಲು ತಿಳಿಯಬೇಕಾದ್ದು, ಜೈರೋ ಏನನ್ನು ಅಳೆಯುತ್ತದೆ ಎಂಬುದು. ಯಂತ್ರ ಯಾವ ಕಡೆ ಮುಖ ಮಾಡಿದೆ ಎಂದು ಅದಕ್ಕೆ ಗೊತ್ತಿಲ್ಲ. ಈ ಕ್ಷಣ ಎಷ್ಟು ವೇಗವಾಗಿ ತಿರುಗುತ್ತಿದೆ, ಸೆಕೆಂಡಿಗೆ ಎಷ್ಟು ಡಿಗ್ರಿ, ಅಷ್ಟೇ ಗೊತ್ತು. ಚಿಪ್‌ನ ಒಳಗೆ ಸಿಲಿಕಾನ್‌ನ ಅತಿ ಸಣ್ಣ ತುಣುಕೊಂದು ಸದಾ ಕಂಪಿಸುತ್ತಿರುತ್ತದೆ. ಯಂತ್ರ ತಿರುಗಿದಾಗ ಕೊರಿಯೊಲಿಸ್ ಬಲ ಆ ಕಂಪನವನ್ನು ಅಡ್ಡಕ್ಕೆ ತಳ್ಳುತ್ತದೆ. ಎಷ್ಟು ತಳ್ಳಿತು ಎಂಬುದರಿಂದ ತಿರುಗುವ ವೇಗ ಸಿಗುತ್ತದೆ. ಆ ವೇಗವನ್ನು ಕಾಲದಿಂದ ಗುಣಿಸಿ, ಸಿಕ್ಕ ಡಿಗ್ರಿಗಳನ್ನು ಒಂದರ ಮೇಲೊಂದು ಕೂಡಿಸುತ್ತಾ ಹೋದರೆ ಕ್ಯಾಮೆರಾದ ಕೋನ ಬರುತ್ತದೆ. ಮುಂದೆ ನಾನು ಹೇಳುವ ತೊಂದರೆಗಳ ಬೇರು ಈ ಕೂಡಿಸುವುದರಲ್ಲಿದೆ.

ಕಳೆದ ಬೇಸಿಗೆಯಲ್ಲಿ ಅಕ್ಕನ ಮಗ ತನ್ನ ಹ್ಯಾಂಡ್‌ಹೆಲ್ಡ್ ತಂದಿದ್ದ. ಅದು ಬೇರೆ ಮಾಡೆಲ್. ಕೂಲರ್ ಹಾಕಿದ ಕೋಣೆಯಲ್ಲಿ ಚೆನ್ನಾಗಿ ಆಡಿದವನು ಹೊರಗಿನ ಕಟ್ಟೆಗೆ ಬಂದು ಸ್ವಲ್ಪ ಹೊತ್ತಾದ ಮೇಲೆ ಕರೆದ. "ಮಾಮಾ, ನಾ ಅಳ್ಳಾಡಿಸೇ ಇಲ್ಲ, ತಾನ ಎಡಕ್ಕ ಸರಿಯಾಕತ್ತೈತಿ ನೋಡು." ಯಂತ್ರವನ್ನು ಕಟ್ಟೆಯ ಕಲ್ಲಿನ ಮೇಲೆ ಇಡಲು ಹೇಳಿದೆ. ಆಗಲೂ ಚಿತ್ರ ಮೆಲ್ಲಗೆ ಎಡಕ್ಕೆ ಜಾರುತ್ತಲೇ ಇತ್ತು. ಯಾವ ಜೈರೋ ಆದರೂ ಸುಮ್ಮನೆ ಇಟ್ಟಾಗ ಸರಿಯಾಗಿ ಸೊನ್ನೆ ತೋರಿಸುವುದಿಲ್ಲ, ಒಂದಿಷ್ಟು ಹುಸಿ ವೇಗ ತೋರಿಸುತ್ತದೆ. ಚಿಪ್‌ನ ಬಿಸಿ ಏರಿದಂತೆ ಆ ಹುಸಿ ವೇಗವೂ ಬದಲಾಗುತ್ತದೆ. ನಮ್ಮ ಕಡೆಯ ಮೇ ತಿಂಗಳಲ್ಲಿ ಕೂಲರ್ ಕೋಣೆಗೂ ಹೊರಗಿನ ಕಟ್ಟೆಗೂ ಎಷ್ಟು ಅಂತರ ಎಂದು ಬೇರೆ ಹೇಳಬೇಕಿಲ್ಲ. ಹುಸಿ ವೇಗ ಸೆಕೆಂಡಿಗೆ ಅರ್ಧ ಡಿಗ್ರಿ ಇದ್ದರೂ, ಆಟದಲ್ಲಿ ಅದನ್ನು 3 ಪಟ್ಟು ಮಾಡಿಕೊಂಡಿದ್ದರೆ ಕ್ಯಾಮೆರಾ ಸೆಕೆಂಡಿಗೆ ಒಂದೂವರೆ ಡಿಗ್ರಿ ಸರಿಯುತ್ತದೆ. 40 ಸೆಕೆಂಡಿನಲ್ಲಿ 60 ಡಿಗ್ರಿ!

ಪರಿಹಾರ ಸುಲಭ. ಯಂತ್ರವನ್ನು ಗಟ್ಟಿ ಜಾಗದಲ್ಲಿಟ್ಟು ಕ್ಯಾಲಿಬ್ರೇಶನ್ ಒತ್ತಬೇಕು. ಕೆಲವು ಸೆಕೆಂಡು ಅದು ತೋರಿಸುವ ವೇಗದ ಸರಾಸರಿ ತೆಗೆದು, ಆಮೇಲೆ ಪ್ರತಿ ಅಳತೆಯಿಂದಲೂ ಅಷ್ಟನ್ನು ಕಳೆಯುತ್ತದೆ. ತೊಡೆಯ ಮೇಲಿಟ್ಟು ಒತ್ತಬಾರದು, ಉಸಿರಾಟದ ಅಲುಗಾಟವೂ ಸರಾಸರಿಗೆ ಸೇರುತ್ತದೆ. ಆನ್ ಮಾಡಿದ ತಕ್ಷಣವೂ ಬೇಡ. ಆಟ ಸ್ವಲ್ಪ ಹೊತ್ತು ಓಡಿ, ಯಂತ್ರ ತನ್ನ ಬಿಸಿಗೆ ಬಂದ ಮೇಲೆ ಮಾಡಿದ್ದು ಹೆಚ್ಚು ಹೊತ್ತು ನಿಲ್ಲುತ್ತದೆ. ಜಾರುತ್ತಿರುವುದು ಸ್ಟಿಕ್ಕೋ ಜೈರೋವೋ ಎಂಬ ಅನುಮಾನ ಬಂದರೆ ಜೈರೋ ಆಫ್ ಮಾಡಿ ನೋಡಿ. ಆಗಲೂ ಜಾರಿದರೆ ತಪ್ಪು ಸ್ಟಿಕ್‌ನದು, ಈ ಕ್ಯಾಲಿಬ್ರೇಶನ್ ಅದಕ್ಕೆ ಉಪಯೋಗವಿಲ್ಲ.

ಇನ್ನು ಸೆನ್ಸಿಟಿವಿಟಿ, ಅಂದರೆ ಕೈ ತಿರುಗಿದ್ದರ ಎಷ್ಟು ಪಟ್ಟು ಕ್ಯಾಮೆರಾ ತಿರುಗಬೇಕು ಎಂಬುದು. ಇಲ್ಲಿ ಅಂದಾಜಿನ ಮೇಲೆ ಹೋಗುವುದು ನನಗೆ ಇಷ್ಟವಿಲ್ಲ, ಲೆಕ್ಕ ಹಾಕಿದರೆ ಎಲ್ಲ ಆಟಗಳಲ್ಲೂ ಕೈಗೆ ಒಂದೇ ಅಳತೆ ಸಿಗುತ್ತದೆ. ಸ್ಟೀಮ್ ಡೆಕ್‌ನಲ್ಲಿ ಜೈರೋವನ್ನು ಸ್ಟಿಕ್‌ನಂತೆಯೂ ನಡೆಸಬಹುದು, ಮೌಸ್‌ನಂತೆಯೂ ನಡೆಸಬಹುದು. ನಾನು ಮೌಸ್ ಆರಿಸಿದೆ. ಸ್ಟಿಕ್ ಆದರೆ ಆಟ ತನ್ನ ಡೆಡ್‌ಜೋನ್‌ನಲ್ಲಿ ಸಣ್ಣ ಚಲನೆಗಳನ್ನು ನುಂಗುತ್ತದೆ, ದೊಡ್ಡ ಚಲನೆಗೆ ಒಂದು ಮಿತಿ ಹಾಕುತ್ತದೆ. ಮೌಸ್ ಎಂದರೆ ಅದು ಎಣಿಸುವ ಸಣ್ಣ ಹೆಜ್ಜೆಗಳಲ್ಲಿ ಇಷ್ಟು ಚುಕ್ಕೆ ಸರಿದರೆ ಇಷ್ಟು ಡಿಗ್ರಿ ಎಂಬ ನೇರ ಲೆಕ್ಕ. ಹಾಗಾದರೆ ಕ್ಯಾಮೆರಾ ಒಂದು ಪೂರ್ತಿ ಸುತ್ತು ಬರಲು ಎಷ್ಟು ಚುಕ್ಕೆ ಬೇಕು ಎಂದು ಗೊತ್ತಾಗಬೇಕು. ಹಾಫ್-ಲೈಫ್ 2ರಲ್ಲಿ ಇದು ಆಟದೊಳಗೆ ಕಮಾಂಡ್ ಬರೆಯುವ ಕನ್ಸೋಲ್‌ನಲ್ಲೇ ಸಿಗುತ್ತದೆ. `m_yaw` ಎಂಬುದರ ಬೆಲೆ 0.022, ನಾನಿಟ್ಟ `sensitivity` 3.

```
3 * 0.022   = 0.066
360 / 0.066 = 5454.5
```

ಒಂದು ಚುಕ್ಕೆಗೆ 0.066 ಡಿಗ್ರಿ, ಒಂದು ಸುತ್ತಿಗೆ ಸುಮಾರು 5,455 ಚುಕ್ಕೆ. ಆಟದ ಸೆಟ್ಟಿಂಗ್‌ನಲ್ಲಿ ಮೌಸ್ ಆಕ್ಸಿಲರೇಶನ್ ಆಫ್ ಇರಬೇಕು, ಇಲ್ಲದಿದ್ದರೆ ಈ ಲೆಕ್ಕ ನಿಲ್ಲುವುದಿಲ್ಲ. ಡೆಕ್‌ನ ಜೈರೋ ಸೆಟ್ಟಿಂಗ್‌ಗೆ ಈ ಸಂಖ್ಯೆ ಕೊಟ್ಟು ಜೈರೋ ಸೆನ್ಸಿಟಿವಿಟಿ 1 ಇಟ್ಟರೆ, ನಾನು 10 ಡಿಗ್ರಿ ತಿರುಗಿದಾಗ ಕ್ಯಾಮೆರಾವೂ 10 ಡಿಗ್ರಿ ತಿರುಗುತ್ತದೆ.

ಒಳಗಿನ ಸಂಖ್ಯೆ ತೋರಿಸದ ಆಟಗಳೂ ಇವೆ. ಅಲ್ಲಿ ನಾನು ತಿರುಗುವ ಕುರ್ಚಿಯ ಮೇಲೆ ಕೂರುತ್ತೇನೆ. ಜೈರೋ ಸೆನ್ಸಿಟಿವಿಟಿ 1 ಇಟ್ಟು, ಆಟದೊಳಗೆ ಒಂದು ಕಂಬವನ್ನೋ ಬಾಗಿಲ ಮೂಲೆಯನ್ನೋ ಗುರುತು ಮಾಡಿಕೊಂಡು, ಕುರ್ಚಿ ಸಮೇತ ಒಂದು ಸುತ್ತು ಮೆಲ್ಲಗೆ ತಿರುಗುತ್ತೇನೆ. ಕ್ಯಾಮೆರಾ ಅದೇ ಕಂಬಕ್ಕೆ ವಾಪಸು ಬಂದರೆ ಸಂಖ್ಯೆ ಸರಿ. 300 ಡಿಗ್ರಿಗೇ ನಿಂತರೆ ಚುಕ್ಕೆಗಳ ಸಂಖ್ಯೆಯನ್ನು 360 ಭಾಗಿಸು 300, ಅಂದರೆ 1.2ರಿಂದ ಗುಣಿಸುತ್ತೇನೆ. ಸುತ್ತು ದಾಟಿ ಮುಂದೆ ಹೋದರೆ ಅದೇ ಲೆಕ್ಕದಲ್ಲಿ ಇಳಿಸುತ್ತೇನೆ.

ಆದರೆ 1ರಲ್ಲಿ ಆಡಲಾಗದು. ಟಿವಿ ಮುಂದೆ ಕೂತು ಕಂಟ್ರೋಲರ್ ಹಿಡಿದವರಿಗೂ ನಮಗೂ ಇರುವ ವ್ಯತ್ಯಾಸ ಇಲ್ಲಿ ಬರುತ್ತದೆ. ಅವರ ಪರದೆ ನಿಂತಲ್ಲೇ ನಿಂತಿರುತ್ತದೆ, ನಮ್ಮ ಪರದೆ ಕೈಯ ಜೊತೆ ತಿರುಗುತ್ತದೆ. 15 ಡಿಗ್ರಿಗಿಂತ ಹೆಚ್ಚು ತಿರುಗಿಸಿದರೆ ನನ್ನ ಕಣ್ಣಿಗೆ ಪರದೆ ಓರೆಯಾಗುತ್ತದೆ. 2011ರಲ್ಲಿ ನಿಂಟೆಂಡೋ 3ಡಿಎಸ್‌ಗೆ ಬಂದ ಒಕಾರಿನಾ ಆಫ್ ಟೈಮ್ 3ಡಿಯಲ್ಲಿ ಬಿಲ್ಲಿನ ಗುರಿಗೆ ಜೈರೋ ಇತ್ತು. ಆದರೆ ಅದರ ಕನ್ನಡಕವಿಲ್ಲದ ತ್ರೀಡಿ ಚಿತ್ರ ಪರದೆಗೆ ನೇರ ಎದುರಿನಿಂದ ನೋಡಿದರೆ ಮಾತ್ರ ಕೂಡಿ ಬರುತ್ತಿತ್ತು. ಗುರಿ ಹಿಡಿಯಲು ಯಂತ್ರ ಹೊರಳಿಸಿದರೆ ಚಿತ್ರ ಎರಡಾಗುತ್ತಿತ್ತು. ಹಾಗಾಗಿ ಹ್ಯಾಂಡ್‌ಹೆಲ್ಡ್‌ನಲ್ಲಿ ಕೈಯ ಚಲನೆ ಚಿಕ್ಕದಿರಬೇಕು, ಕ್ಯಾಮೆರಾದ ಚಲನೆ ಅದರ ಕೆಲವು ಪಟ್ಟು ಇರಬೇಕು. ನನಗೆ ಹೊಂದಿದ್ದು 3. ಮಣಿಕಟ್ಟಿನ 15 ಡಿಗ್ರಿಗೆ ಕ್ಯಾಮೆರಾ 45 ಡಿಗ್ರಿ, ಎಡಕ್ಕಷ್ಟು ಬಲಕ್ಕಷ್ಟು. ಕಣ್ಣೆದುರಿನ ದೃಶ್ಯಕ್ಕೆ ಅದು ಸಾಕು, ಉಳಿದದ್ದಕ್ಕೆ ಸ್ಟಿಕ್ ಇದೆಯಲ್ಲ.

3 ಪಟ್ಟು ಮಾಡಿದಾಗ ಕೈಯ ನಡುಕವೂ 3 ಪಟ್ಟಾಗುತ್ತದೆ. ಇದಕ್ಕೆ ಸ್ಮೂದಿಂಗ್ ಎಂಬ ಆಯ್ಕೆ ಇದೆ. ಹಿಂದಿನ ಕೆಲವು ಅಳತೆಗಳ ಸರಾಸರಿಯನ್ನು ಅದು ಕೊಡುತ್ತದೆ, ಹಾಗಾಗಿ ಗುರಿ ಕೈಯ ಹಿಂದೆ ಎಳೆದುಕೊಂಡು ಬಂದಂತೆ ಅನಿಸುತ್ತದೆ. ನಾನು ಅದನ್ನು ಮುಟ್ಟುವುದಿಲ್ಲ. ಅದರ ಬದಲು ನಿಧಾನ ಚಲನೆಯನ್ನು ಮಾತ್ರ ಕುಗ್ಗಿಸುವ ಬಗೆ ಒಳ್ಳೆಯದು:

```
w = gyro - bias
if abs(w) < t: w = w * abs(w) / t
yaw += w * dt * 3
```

`bias` ಎಂದರೆ ಕ್ಯಾಲಿಬ್ರೇಶನ್‌ನಲ್ಲಿ ಸಿಕ್ಕ ಹುಸಿ ವೇಗ, `dt` ಎಂದರೆ ಒಂದು ಅಳತೆಯಿಂದ ಇನ್ನೊಂದಕ್ಕೆ ಹಿಡಿದ ಕಾಲ, `yaw` ಎಂದರೆ ಕ್ಯಾಮೆರಾದ ಎಡಬಲದ ಕೋನ. `t` ಎಂಬ ಮಿತಿ ಸೆಕೆಂಡಿಗೆ 3 ಡಿಗ್ರಿ ಎಂದಿಟ್ಟುಕೊಳ್ಳಿ. 1 ಡಿಗ್ರಿ ವೇಗದ ನಡುಕ ಮೂರನೇ ಒಂದಕ್ಕೆ ಇಳಿಯುತ್ತದೆ, 3 ದಾಟಿದ ಚಲನೆ ಇದ್ದ ಹಾಗೇ ಹೋಗುತ್ತದೆ. ಡೆಡ್‌ಜೋನ್‌ನ ಹಾಗೆ ಪೂರ್ತಿ ಸತ್ತು ಹೋಗುವ ಭಾಗ ಇಲ್ಲಿ ಇಲ್ಲ, ವಿಳಂಬವೂ ಇಲ್ಲ. ಆದರೆ ಮಿತಿಯನ್ನು ಹೆಚ್ಚಿಸಿದರೆ ನಿಧಾನವಾಗಿ ನಡೆಯುವ ವೈರಿಯನ್ನು ಹಿಂಬಾಲಿಸುವಾಗ ಗುರಿ ಹಿಂದೆ ಬೀಳುತ್ತದೆ. ಹಾಗಾದರೆ ಇಳಿಸಬೇಕು.

ಕೂರುವ ಭಂಗಿಯ ವಿಷಯ ಬಹಳ ಜನರಿಗೆ ಹೊಳೆಯುವುದಿಲ್ಲ. ಪರದೆಯನ್ನು ಗೋಡೆಯ ಹಾಗೆ ನೆಟ್ಟಗೆ ಹಿಡಿದರೆ ಎಡಬಲ ತಿರುಗುವುದನ್ನು ಒಂದೇ ಅಕ್ಷ ಅಳೆಯುತ್ತದೆ. ಯಾರೂ ಹಾಗೆ ಹಿಡಿಯುವುದಿಲ್ಲ, ತೊಡೆಯ ಮೇಲೆ ಕೈಯಿಟ್ಟು 45 ಡಿಗ್ರಿ ಮಲಗಿಸಿ ಹಿಡಿಯುತ್ತೇವೆ. ಆಗ ಅದೇ ತಿರುಗುವಿಕೆ ಎರಡು ಅಕ್ಷಗಳಿಗೆ ಹಂಚಿಹೋಗುತ್ತದೆ, ಒಂದನ್ನೇ ನೋಡುವ ಆಟಕ್ಕೆ ನೂರಕ್ಕೆ ಸುಮಾರು 70 ಭಾಗ ಮಾತ್ರ ತಲುಪುತ್ತದೆ. ಬೆಳಿಗ್ಗೆ ಸರಿಯಿದ್ದ ಗುರಿ ಸಂಜೆ ಒರಗಿ ಕೂತಾಗ ಮಂದವಾಯಿತು ಎನಿಸಿದರೆ ಕಾರಣ ಇದು. ಸ್ಟೀಮ್ ಡೆಕ್‌ನಲ್ಲಿ ಪ್ಲೇಯರ್ ಸ್ಪೇಸ್ ಎಂಬ ಆಯ್ಕೆಯನ್ನು ಆರಿಸಿದರೆ ಆಕ್ಸಿಲರೋಮೀಟರ್‌ನಿಂದ ಭೂಮಿಯ ಎಳೆತ ಯಾವ ಕಡೆ ಎಂದು ತಿಳಿದು, ಹೇಗೆ ಹಿಡಿದರೂ ಎಡಬಲದ ಲೆಕ್ಕ ಸರಿಯಾಗುತ್ತದೆ. ಅಂಗಾತ ಮಲಗಿ ಯಂತ್ರವನ್ನು ಮುಖದ ಮೇಲೆ ಹಿಡಿದಾಗ ಮಾತ್ರ ಇದು ಕೈಕೊಡುತ್ತದೆ. ಆಗ ಕೈಯ ಎಡಬಲದ ತಿರುವು ಭೂಮಿಯ ಎಳೆತದ ಸುತ್ತ ನಡೆಯುವುದೇ ಇಲ್ಲ. ಮಲಗಿ ಆಡುವವರು ಯಂತ್ರದ ಸ್ವಂತ ಅಕ್ಷಗಳನ್ನೇ ನೋಡುವ ಲೋಕಲ್ ಸ್ಪೇಸ್‌ಗೆ ಬದಲಾಯಿಸಿಕೊಳ್ಳಬೇಕು.

ಜೈರೋ ಯಾವಾಗ ಆನ್ ಇರಬೇಕು ಎಂಬುದಕ್ಕೆ ನನ್ನ ಉತ್ತರ, ಬಲಗಡೆಯ ಸ್ಟಿಕ್‌ಗೆ ಹೆಬ್ಬೆರಳು ತಾಗಿದಾಗ. ಡೆಕ್‌ನ ಸ್ಟಿಕ್ ತಲೆಗೆ ಸ್ಪರ್ಶ ತಿಳಿಯುತ್ತದೆ, ಒತ್ತಬೇಕಿಲ್ಲ. ಗುರಿ ಒಂದು ಕಡೆ ಬಂದು ಪರದೆ ಓರೆಯಾದಾಗ, ಮೌಸನ್ನು ಪ್ಯಾಡಿನ ಅಂಚಿನಿಂದ ಎತ್ತಿ ನಡುವಿಗೆ ಇಟ್ಟ ಹಾಗೆ, ಹೆಬ್ಬೆರಳೆತ್ತಿ ಯಂತ್ರವನ್ನು ನೇರ ಮಾಡಿಕೊಂಡು ಮತ್ತೆ ತಾಗಿಸುತ್ತೇನೆ. ಎಡಬಲದ ಕೋನವನ್ನು ಯಂತ್ರ ತಾನಾಗಿ ಸರಿಪಡಿಸಿಕೊಳ್ಳಲಾರದು. ಭೂಮಿಯ ಎಳೆತದಿಂದ ಮೇಲೆ-ಕೆಳಗೆ ಗೊತ್ತಾಗುತ್ತದೆಯೇ ಹೊರತು ಪೂರ್ವ-ಪಶ್ಚಿಮ ಅಲ್ಲ. ಸ್ಪ್ಲಾಟೂನ್ 2ರಲ್ಲಿ ಕ್ಯಾಮೆರಾ ನೇರ ಮಾಡಲು ಒಂದು ಬಟನ್ನನ್ನೇ ಮೀಸಲಿಟ್ಟಿದ್ದಾರೆ.

ಬಸ್ಸಿನಲ್ಲಿ ಆಡುವವರಿಗೆ ಇನ್ನೊಂದು ಮಾತು. ಜೈರೋಗೆ ನನ್ನ ಕೈ ತಿರುಗಿತೋ ಬಸ್ ತಿರುಗಿತೋ ಗೊತ್ತಾಗುವುದಿಲ್ಲ. ರಸ್ತೆ 90 ಡಿಗ್ರಿ ಹೊರಳಿದರೆ, ನಾನು ಕೈ ಅಲುಗಿಸದೇ ಕೂತರೂ 3 ಪಟ್ಟಿನ ಲೆಕ್ಕದಲ್ಲಿ ಕ್ಯಾಮೆರಾ 270 ಡಿಗ್ರಿ ಸುತ್ತುತ್ತದೆ. ವಿಜಯಪುರದಿಂದ ಬಾಗಲಕೋಟೆಗೆ ಹೋಗುವಾಗ ಕೊಲ್ಹಾರದ ಸೇತುವೆಯ ಮೇಲೆ ಬಸ್ ನೇರ ಹೋಗುತ್ತದೆ, ಅಲ್ಲಿ ತೊಂದರೆ ಇಲ್ಲ. ಬೆಳಗಾವಿಯಿಂದ ಚೋರ್ಲಾ ಘಾಟ್ ಇಳಿಯುವಾಗ ತಿರುವಿನ ಮೇಲೆ ತಿರುವು, ಅಲ್ಲಿ ಜೈರೋ ನಡೆಯುವುದಿಲ್ಲ. ಕ್ಯಾಲಿಬ್ರೇಶನ್ ಅಂತೂ ಓಡುವ ಬಸ್ಸಿನಲ್ಲಿ ಮಾಡಲೇಬಾರದು, ತಿರುವಿನ ವೇಗವನ್ನೇ ಸೊನ್ನೆ ಎಂದು ಹಿಡಿದರೆ ಇಳಿದ ಮೇಲೆ ಚಿತ್ರ ಎದುರು ದಿಕ್ಕಿಗೆ ಜಾರುತ್ತಲೇ ಇರುತ್ತದೆ. ಪ್ರಯಾಣಕ್ಕೆಂದು ನಾನು ಬೇರೆಯೇ ಒಂದು ಲೇಔಟ್ ಉಳಿಸಿಕೊಂಡಿದ್ದೇನೆ. ಅದರಲ್ಲಿ ಎಡಗಡೆಯ ಟ್ರಿಗರ್ ಒತ್ತಿ ಹಿಡಿದಾಗ ಮಾತ್ರ ಜೈರೋ ಆನ್, ಸೆನ್ಸಿಟಿವಿಟಿ 2, ನಡುಕದ ಮಿತಿ ಮನೆಯಲ್ಲಿ ಇಡುವುದಕ್ಕಿಂತ ಒಂದಿಷ್ಟು ಹೆಚ್ಚು.