‘ಮನೆಯವರೆಲ್ಲರೂ ಸೇರಿ’ ಎಂಬ ಮಾತಿಗೆ ಉತ್ತರ ಬರೆದ ಅನುಭವ

ತಿಪಟೂರಿನಿಂದ ಬಂದಿದ್ದ ಆ ದಂಪತಿಗೆ ಎಪ್ಪತ್ತು ದಾಟಿತ್ತು. ಮಗ, ಸೊಸೆ ಇದ್ದದ್ದು ಬೆಂಗಳೂರಿನ ಬಾಡಿಗೆ ಮನೆಯಲ್ಲಿ. ಸೊಸೆಯ ದೂರಿನ ಮೇಲೆ ಗಂಡ ಅಥವಾ ಅವನ ಸಂಬಂಧಿಕರು ಹೆಂಡತಿಗೆ ಕೊಡುವ ಹಿಂಸೆಯ ಬಗೆಗಿನ ಭಾರತೀಯ ನ್ಯಾಯ ಸಂಹಿತೆಯ 85ನೇ ಕಲಂ ಮತ್ತು ವರದಕ್ಷಿಣೆ ನಿಷೇಧ ಕಾಯ್ದೆಯ 3, 4ನೇ ಕಲಂಗಳಡಿ ಎಫ್‌ಐಆರ್ ಆಗಿತ್ತು. ಮಗ ಮೊದಲ ಆರೋಪಿ, ಇವರಿಬ್ಬರು ಎರಡನೆಯ ಮತ್ತು ಮೂರನೆಯವರು. “ನಾವು ಏನು ಮಾಡಿದೆವೆಂದು ಬರೆದಿದ್ದಾರೆ, ವಕೀಲರೇ?” ಎಂದು ಆ ತಾಯಿ ಕೇಳಿದರು. ಆ ಪ್ರಶ್ನೆಯಿಂದಲೇ ನಾನು ಅವರಿಬ್ಬರ ನಿರೀಕ್ಷಣಾ ಜಾಮೀನಿನ ಅರ್ಜಿ ಕಟ್ಟತೊಡಗಿದೆ.

ದೂರಿನ ಒಂದೊಂದೇ ವಾಕ್ಯ ಓದಿ, ಯಾರು, ಯಾವಾಗ, ಎಲ್ಲಿ, ಏನು ಮಾಡಿದರು ಎಂದು ಅಂಚಿನಲ್ಲಿ ಗುರುತಿಸಿದೆ. ಗಂಡನ ಬಗ್ಗೆ ದಿನಾಂಕವಿತ್ತು, ಹಣದ ಮೊತ್ತವಿತ್ತು. ಹಿರಿಯರ ಬಗ್ಗೆ ಇದ್ದದ್ದು ಮೂರೇ ವಾಕ್ಯ. ಅವುಗಳಲ್ಲಿ ಎರಡು “ಗಂಡನ ಮನೆಯವರೆಲ್ಲರೂ ಸೇರಿ ಹಿಂಸೆ ಕೊಟ್ಟರು” ಎಂಬಂಥವು. ಮೂರನೆಯದು ಮಾತ್ರ ಖಚಿತವಾಗಿತ್ತು: ಮದುವೆಯಾದ ಮೇಲೆ ಅತ್ತೆ ಒಡವೆಗಳನ್ನು ತೆಗೆದಿಟ್ಟುಕೊಂಡರು. ಇದನ್ನು ಮರೆಮಾಚಿ ಎಲ್ಲವೂ ಅಸ್ಪಷ್ಟ ಎಂದು ಬರೆದಿದ್ದರೆ ಸರ್ಕಾರಿ ಅಭಿಯೋಜಕರು ಅಲ್ಲಿಂದಲೇ ವಾದ ಆರಂಭಿಸುತ್ತಿದ್ದರು. ಕೇಳಿದಾಗ, ಒಡವೆ ತಮ್ಮ ಲಾಕರಿನಲ್ಲಿದೆ ಎಂದು ಆಕೆ ಒಪ್ಪಿಕೊಂಡರು. ಅದು ಸೊಸೆಯ ಸ್ತ್ರೀಧನ, ತನಿಖಾಧಿಕಾರಿಯ ಮುಂದೆ ಪಟ್ಟಿ ಮಾಡಿ ಒಪ್ಪಿಸುತ್ತೇವೆ ಎಂದು ಅರ್ಜಿಯಲ್ಲೇ ಬರೆದೆ.

ಮಗನ ಅರ್ಜಿಯನ್ನು ಬೇರೆ ಮಾಡಿಸಿದೆ. ಒಂದೇ ಅರ್ಜಿಯಾದರೆ ಅವನ ಮೇಲಿನ ಆರೋಪದ ಭಾರ ತಂದೆ ತಾಯಿಯ ಮೇಲೂ ಬೀಳುತ್ತದೆ. ಅವನು ತಂದುಕೊಟ್ಟ ವಾಟ್ಸ್‌ಆಪ್ ಸಂದೇಶಗಳನ್ನು ಮುಟ್ಟಲಿಲ್ಲ. ಸೊಸೆಯ ನಡತೆ ಈ ಹಂತದ ವಿಷಯವೇ ಅಲ್ಲ, ಆಕೆಯ ದೂರು ಸುಳ್ಳೆಂದು ಸಾಧಿಸುವುದೂ ಅಲ್ಲ. ಈ ಇಬ್ಬರನ್ನು ವಶಕ್ಕೆ ಪಡೆಯದೆ ತನಿಖೆ ನಡೆಯುವುದಿಲ್ಲವೇ ಎಂಬುದಷ್ಟೇ ಪ್ರಶ್ನೆ. ಕುಟುಂಬದವರನ್ನೆಲ್ಲ ಸಾರಾಸಗಟಾಗಿ ಸೇರಿಸುವುದರ ಬಗ್ಗೆ ಸುಪ್ರೀಂ ಕೋರ್ಟ್ ಹೇಳಿದ ಗೀತಾ ಮೆಹ್ರೋತ್ರಾ (2012), ಕಹ್ಕಶಾನ್ ಕೌಸರ್ (2022) ತೀರ್ಪುಗಳು ಪ್ರಕರಣ ರದ್ದತಿಗೆ ಸಂಬಂಧಿಸಿದವು. ಅದನ್ನು ಮುಚ್ಚಿಡದೆ, ಆ ಒಂದು ಅಂಶಕ್ಕಷ್ಟೇ ಅವುಗಳನ್ನು ಬಳಸಿದೆ. ವಯಸ್ಸೊಂದೇ ಸಾಲದೆಂದು ಬೇರೆ ವಾಸದ ಆಧಾರಕ್ಕೆ ಬಾಡಿಗೆ ಕರಾರು, ತಿಪಟೂರಿನ ವಿದ್ಯುತ್ ಬಿಲ್, ಜೊತೆಗೆ ಮಾವನ ಹೃದಯ ಚಿಕಿತ್ಸೆಯ ಕಾಗದ ಲಗತ್ತಿಸಿದೆ.

ನಾಗರಿಕ ಸುರಕ್ಷಾ ಸಂಹಿತೆಯ 482ನೇ ಕಲಮಿನಡಿ ಸೆಷನ್ಸ್ ನ್ಯಾಯಾಲಯಕ್ಕೆ ಅರ್ಜಿ ಹೋಯಿತು. 85ನೇ ಕಲಮಿಗೆ ಗರಿಷ್ಠ ಶಿಕ್ಷೆ ಮೂರು ವರ್ಷ, ಹಾಗಾಗಿ ಅರ್ನೇಶ್ ಕುಮಾರ್ ತೀರ್ಪಿನಂತೆ (2014) ಪೊಲೀಸರು ಬಂಧಿಸದೆ ಹಾಜರಾಗಲು ನೋಟಿಸ್ ಕೊಟ್ಟರೆ ಸಾಕಲ್ಲವೇ ಎಂದು ಮಾವ ಕೇಳಿದ್ದರು. ಆದರೆ ವರದಕ್ಷಿಣೆ ಕಾಯ್ದೆಯ 3ನೇ ಕಲಮಿನಲ್ಲಿ ಕನಿಷ್ಠವೇ ಐದು ವರ್ಷ. ನೋಟಿಸನ್ನೇ ನಂಬಿ ಕೂರುವ ಧೈರ್ಯ ನನಗಾಗಲಿಲ್ಲ. ಮನೆಗೆ ಬೀಗ ಹಾಕಿ ಸಂಬಂಧಿಕರ ಊರಿಗೆ ಹೋಗುತ್ತೇವೆ ಎಂದದ್ದಕ್ಕೂ ಒಪ್ಪಲಿಲ್ಲ, ತಲೆಮರೆಸಿಕೊಂಡರೆಂಬ ತಕರಾರಿಗೆ ಅದೇ ಸಾಕಾಗುತ್ತಿತ್ತು.

ಸಾಕ್ಷಿಗಳನ್ನು ಬೆದರಿಸುತ್ತಾರೆ ಎಂದು ಅಭಿಯೋಜಕರು ಆಕ್ಷೇಪಿಸಿದರು. ಅಂಚಿನ ಗುರುತುಗಳಿದ್ದ ದೂರಿನ ಪ್ರತಿ ಹಿಡಿದು ಆ ಮೂರು ವಾಕ್ಯಗಳನ್ನಷ್ಟೇ ಓದಿದೆ. ಜಾಮೀನು ಸಿಕ್ಕಿತು: ತಲಾ ಐವತ್ತು ಸಾವಿರದ ಮುಚ್ಚಳಿಕೆ, ಒಬ್ಬ ಜಾಮೀನುದಾರ, 15 ದಿನದೊಳಗೆ ತನಿಖಾಧಿಕಾರಿಯ ಮುಂದೆ ಹಾಜರಿ. ಮಾವನ ತಮ್ಮ ತನ್ನ ತೋಟದ ಪಹಣಿ ತಂದು ಜಾಮೀನು ನಿಂತರು. ಮೂರನೆಯ ದಿನ ಒಡವೆಯ ಡಬ್ಬಿಯೊಂದಿಗೆ ನಾವು ಠಾಣೆಗೆ ಹೋದೆವು.